ಕಾರ್ ಚಾರ್ಜರ್ ಹಾಕಿದರೆ ಬ್ರೇಕರ್ ಬೀಳುತ್ತಿದೆಯೇ? ಲಿವರ್ ಎತ್ತುವ ಮೊದಲು ಗಡಿಯಾರ ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯಿಂದ ನನಗೆ ಬರುವ ಫೋನ್‌ಗಳು ಹೆಚ್ಚುಕಡಿಮೆ ಒಂದೇ ಥರ. "ಕಾರು ಚಾರ್ಜಿಗೆ ಹಾಕಿದ್ರೆ ಕರೆಂಟು ಹೋಗ್ತದೆ ಮಾರಾಯ್ರೆ. ಸ್ವಲ್ಪ ದೊಡ್ಡ ಎಂಸಿಬಿ ಹಾಕಿ ಕೊಡ್ತೀರಾ?" ಆಗ ನಾನು ಕೇಳುವುದು ಎರಡೇ ಪ್ರಶ್ನೆ. ಬಿದ್ದದ್ದು ಯಾವ ಲಿವರ್? ಚಾರ್ಜಿಗೆ ಹಾಕಿ ಎಷ್ಟು ನಿಮಿಷಕ್ಕೆ ಬಿತ್ತು? ಹತ್ತರಲ್ಲಿ ಒಂಬತ್ತು ಮನೆಯವರಿಗೆ ಗೊತ್ತಿರುವುದಿಲ್ಲ. ಕತ್ತಲಾದ ಕೂಡಲೇ ಓಡಿಹೋಗಿ ಎಲ್ಲವನ್ನೂ ಮೇಲೆತ್ತಿ ಆಗಿರುತ್ತದೆ.

ಅರ್ತ್ ಲೀಕೇಜ್, ಓವರ್‌ಲೋಡ್, ಸಡಿಲ ಸ್ಕ್ರೂ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಬ್ರೇಕರ್‌ಗಳು ಕೂತಿರುವ ಪೆಟ್ಟಿಗೆ, ಅಂದರೆ ಡಿಬಿ, ಸುಡುತ್ತದೆ, ಇಲ್ಲವೇ ಕಾರು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಹಾಗಾಗಿ ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ.

ನಾನು ಇಲ್ಲಿ ಹೇಳುತ್ತಿರುವುದು ಗೋಡೆಗೆ ಕೂರಿಸುವ 7.4 ಕಿಲೋವಾಟ್‌ನ ಸಿಂಗಲ್ ಫೇಸ್ ಚಾರ್ಜರ್ ಬಗ್ಗೆ. ಅದು 32 ಆಂಪಿಯರ್ ಎಳೆಯುತ್ತದೆ. ಮನೆಯಲ್ಲಿ ಇಷ್ಟು ಕರೆಂಟನ್ನು ಇಷ್ಟು ಹೊತ್ತು, ಐದಾರು ಗಂಟೆ ಒಂದೇ ಸಮನೆ ಎಳೆಯುವ ಸಾಧನ ಬೇರೆ ಇಲ್ಲ. ಗೀಸರ್ ಕೂಡ ಅರ್ಧ ಗಂಟೆಗೆ ನಿಲ್ಲುತ್ತದೆ, ಅಲ್ವಾ? ಹತ್ತು ವರ್ಷ ಸುಮ್ನೆ ಇದ್ದ ಸಣ್ಣ ದೋಷ ಕಾರು ಬಂದ ಮೇಲೆ ಹೊರಗೆ ಬರುವುದು ಇದೇ ಕಾರಣಕ್ಕೆ.

## ಮೊದಲು ಬೇಕಾದ ಸಾಮಾನು

ಮನೆಯವರಿಗೆ ಗಡಿಯಾರ, ಟಾರ್ಚು ಮತ್ತು ಒಂದು ಪುಸ್ತಕ ಸಾಕು. ವಯರ್‌ಮ್ಯಾನ್ ಹತ್ತಿರ ಕ್ಲ್ಯಾಂಪ್ ಮೀಟರ್, ಮಲ್ಟಿಮೀಟರ್, ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಮತ್ತು ವಯರಿನ ಸಿಪ್ಪೆಯಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಇರಬೇಕು. ಬರೀ ಟೆಸ್ಟರ್ ಹಿಡಿದು ಬಂದವರಿಂದ ಈ ಕೆಲಸ ಆಗುವುದಿಲ್ಲ. ಟೆಸ್ಟರ್ ಕರೆಂಟ್ ಇದೆ ಎಂದು ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ.

ಒಂದು ಗೆರೆ ಎಳೆದುಕೊಳ್ಳಿ. ನೋಡುವುದು, ಸಮಯ ಬರೆಯುವುದು, ಕಾರಿಗೆ ಚುಚ್ಚುವ ಗನ್ ತೆಗೆಯುವುದು, ಚಾರ್ಜರಿನ ಆಂಪಿಯರ್ ಇಳಿಸುವುದು ನಿಮ್ಮ ಕೆಲಸ. ಡಿಬಿಯ ಮುಚ್ಚಳ ಬಿಚ್ಚುವುದು ಲೈಸೆನ್ಸ್ ಇರುವ ವಯರ್‌ಮ್ಯಾನ್ ಕೆಲಸ. ಮೈನ್ ಆಫ್ ಮಾಡಿದರೂ ಮೈನಿಗೆ ಬರುವ ವಯರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

## ಹಂತ 1: ಲಿವರ್ ಮುಟ್ಟದೆ ನೋಡಿ

ಡಿಬಿಯ ಹೊರಗಿನ ಬಾಗಿಲು ಮಾತ್ರ ತೆರೆದು ಟಾರ್ಚ್ ಹಾಕಿ. 'ಟಿ' ಅಥವಾ 'ಟೆಸ್ಟ್' ಎಂದು ಬರೆದ ಸಣ್ಣ ಗುಂಡಿ ಇರುವುದು ಆರ್‌ಸಿಸಿಬಿ. ನಮ್ಮ ಕಡೆ ಅದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಗುಂಡಿ ಇಲ್ಲದ್ದು ಎಂಸಿಬಿ.

ಆರ್‌ಸಿಸಿಬಿ ಬಿದ್ದಿದ್ದರೆ ಲೀಕೇಜ್. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬರುತ್ತಿಲ್ಲ, ಸ್ವಲ್ಪ ಭೂಮಿಗೆ ಹೋಗುತ್ತಿದೆ ಎಂದು ಅರ್ಥ. ನೀವು ಹಂತ 2ಕ್ಕೆ ಹೋಗಿ.

ಎಂಸಿಬಿ ಬಿದ್ದಿದ್ದರೆ ಸಮಯ ನೋಡಿ. ಚಾರ್ಜರ್ ಶುರುವಾದ ಕ್ಷಣವೇ ಪಟ್ ಎಂದು ಬಿದ್ದರೆ ಅದು ಶಾರ್ಟ್. ಅದನ್ನು ಮತ್ತೆ ಎತ್ತಬೇಡಿ, ವಯರ್‌ಮ್ಯಾನ್ ಬರುವ ತನಕ ಹಾಗೇ ಬಿಡಿ. ಇಪ್ಪತ್ತು ನಿಮಿಷದಿಂದ ಒಂದು ಗಂಟೆಯ ಒಳಗೆ ಬಿದ್ದರೆ ಅದು ಬಿಸಿಯ ಕೆಲಸ. ಆ ಬಿಸಿ ಓವರ್‌ಲೋಡಿನದ್ದೋ ಸಡಿಲ ಸ್ಕ್ರೂವಿನದ್ದೋ ಎಂದು ಹಂತ 3 ಹೇಳುತ್ತದೆ.

ಗುಂಡಿಯೂ ಇದ್ದು, ಎಂಸಿಬಿಯಂತೆ 'ಸಿ 32' ಎಂದೂ ಬರೆದಿದ್ದರೆ ಅದು ಎರಡೂ ಕೆಲಸ ಮಾಡುವ ಆರ್‌ಸಿಬಿಒ. ಅಲ್ಲಿ ಲಿವರ್ ಒಂದೇ ಆದ್ದರಿಂದ ಸಮಯವೊಂದೇ ಸಾಕ್ಷಿ. ತಕ್ಷಣ ಬಿದ್ದರೆ ಶಾರ್ಟೂ ಇರಬಹುದು, ಲೀಕೇಜೂ ಇರಬಹುದು, ವಯರ್‌ಮ್ಯಾನ್ ಬರುವ ತನಕ ಎತ್ತಬೇಡಿ. ಮಳೆ ಬಂದಾಗ ಬಿದ್ದರೆ ಲೀಕೇಜ್ ಕಡೆ ಹುಡುಕಿ, ತಡವಾಗಿ ಬಿದ್ದರೆ ಬಿಸಿಯ ಕಡೆ.

ಡಿಬಿಯಲ್ಲಿ ಏನೂ ಬಿದ್ದಿಲ್ಲ, ಚಾರ್ಜರಿನಲ್ಲಿ ಮಾತ್ರ ಕೆಂಪು ದೀಪ ಎಂದಾದರೆ ಚಾರ್ಜರ್ ತಾನೇ ನಿಲ್ಲಿಸಿದೆ. ಮಾರ್ಚ್‌ನಿಂದ ಮೇ ತನಕ ನಮ್ಮಲ್ಲಿ ಇದು ಜಾಸ್ತಿ. ಮುರಕಲ್ಲಿನ ನೆಲದಲ್ಲಿ ಅರ್ತ್ ಗುಂಡಿ ಒಣಗಿದರೆ ಚಾರ್ಜರಿಗೆ ಅರ್ತ್ ಸಿಗುವುದಿಲ್ಲ. ಗುಂಡಿಗೆ ನೀರು ಹೊಯ್ದರೆ ಎರಡು ದಿನ ನಡೆಯುತ್ತದೆ. ಸರಿಯಾದ ದಾರಿ ಎಂದರೆ ಇನ್ನೂ ಆಳಕ್ಕೆ, ತೇವ ಇರುವ ಕಡೆ ಎಲೆಕ್ಟ್ರೋಡ್ ಇಳಿಸುವುದು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಈ ಕೆಂಪು ದೀಪ ಹೋಗಲೆಂದು ಸಾಕೆಟ್ಟಿನ ಒಳಗೆ ನ್ಯೂಟ್ರಲಿನಿಂದ ಅರ್ತಿಗೆ ಸಣ್ಣ ವಯರ್ ಕೊಡುವವರಿದ್ದಾರೆ. ದೀಪ ಹಸಿರಾಗುತ್ತದೆ, ಚಾರ್ಜೂ ಆಗುತ್ತದೆ. ಆದರೆ ಯಾವತ್ತಾದರೂ ಒಂದು ದಿನ ನ್ಯೂಟ್ರಲ್ ತುಂಡಾದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ತೆಗೆಯುವ ಮಗುವನ್ನು ನೆನೆಸಿಕೊಳ್ಳಿ. ಯಾರಾದರೂ ಹಾಗೆ ಮಾಡಿ ಕೊಟ್ಟಿದ್ದರೆ ಇವತ್ತೇ ತೆಗೆಸಿ.

## ಹಂತ 2: ಆರ್‌ಸಿಸಿಬಿ ಬಿದ್ದರೆ ಎಲ್ಲಿಂದ ಸೋರುತ್ತಿದೆ?

ಮನೆಯ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದ್ದು. ಅದು ಸರಿಯಾಗಿ 30ಕ್ಕೇ ಬೀಳಬೇಕೆಂದಿಲ್ಲ. 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ಅದು ದೋಷವಲ್ಲ.

ಹುಡುಕುವುದು ಹೀಗೆ. ಮೊದಲು ಕಾರಿನಿಂದ ಗನ್ ತೆಗೆದು, ಚಾರ್ಜರಿನ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ. ನಿಂತಿತೇ? ಈಗ ಚಾರ್ಜರಿನ ಎಂಸಿಬಿ ಮಾತ್ರ ಆನ್ ಮಾಡಿ. ಈಗ ಬಿದ್ದರೆ ದೋಷ ಡಿಬಿಯಿಂದ ಚಾರ್ಜರ್ ತನಕದ ಕೇಬಲಿನಲ್ಲಿದೆ, ಅಥವಾ ಚಾರ್ಜರ್ ಪೆಟ್ಟಿಗೆಯಲ್ಲಿದೆ. ಬೀಳದಿದ್ದರೆ ಗನ್ ಕಾರಿಗೆ ಚುಚ್ಚಿ. ಚುಚ್ಚಿದ ಮೇಲೆ ಒಳಗಿನ ರಿಲೇ ಟಕ್ ಎನ್ನುತ್ತದಲ್ಲ, ಆ ಟಕ್ ಜೊತೆಗೇ ಬಿದ್ದರೆ ಗನ್ನಿನಲ್ಲಿ ನೀರಿದೆ ಅಥವಾ ದೋಷ ಕಾರಿನ ಕಡೆ ಇದೆ. ಗನ್ ಒಣಗಿಸಿ ಮತ್ತೆ ನೋಡಿ. ಆಮೇಲೂ ಬಿದ್ದರೆ ಅದೇ ಕಾರನ್ನು ಬೇರೆ ಮನೆಯ ಎಸಿ ಚಾರ್ಜರಿಗೆ ಹಾಕಿ ನೋಡಿ. ಅಲ್ಲೂ ಬಿದ್ದರೆ ಕಾರು ಸರ್ವೀಸಿಗೆ ಹೋಗಬೇಕು.

ಇಲ್ಲಿ ಅನುಭವಸ್ಥರೂ ಎಡವುವ ಜಾಗ ಒಂದಿದೆ. ಚಾರ್ಜರಿನ ಎಂಸಿಬಿ ಸಿಂಗಲ್ ಪೋಲ್ ಆಗಿದ್ದರೆ ಆಫ್ ಮಾಡಿದಾಗ ತುಂಡಾಗುವುದು ಫೇಸ್ ಮಾತ್ರ. ನ್ಯೂಟ್ರಲ್ ಹಾಗೇ ಜೋಡಿಕೊಂಡಿರುತ್ತದೆ. ಚಾರ್ಜರಿನ ಕೇಬಲಿನಲ್ಲಿ ನ್ಯೂಟ್ರಲಿಗೂ ಅರ್ತಿಗೂ ತಾಗಿದ್ದರೆ, ಎಂಸಿಬಿ ಆಫ್ ಇದ್ದಾಗಲೂ ಆರ್‌ಸಿಸಿಬಿ ಬೀಳುತ್ತದೆ. ಆಗ "ಚಾರ್ಜರ್ ಆಫ್ ಇದೆ, ಆದರೂ ಬೀಳ್ತಿದೆ, ಹಾಗಾದ್ರೆ ದೋಷ ಅಡುಗೆಮನೆಯದ್ದು" ಎಂದು ಮಿಕ್ಸಿ, ಫ್ರಿಜ್ ಎಲ್ಲ ಬಿಚ್ಚಿ ಅರ್ಧ ದಿನ ಕಳೆಯುತ್ತಾರೆ. ಹಾಗಾಗಿ ವಯರ್‌ಮ್ಯಾನ್ ಮೈನ್ ಆಫ್ ಮಾಡಿ ಚಾರ್ಜರಿನ ನ್ಯೂಟ್ರಲ್ ವಯರನ್ನೂ ಬಾರಿನಿಂದ ಬಿಡಿಸಿ ನೋಡಬೇಕು. ಹೊಸದಾಗಿ ಹಾಕುವುದಾದರೆ ಚಾರ್ಜರಿಗೆ ಡಬಲ್ ಪೋಲ್ ಎಂಸಿಬಿಯನ್ನೇ ಹಾಕಿಸಿ.

ಕೇಬಲಿನ ಮೇಲೆ ಸಂಶಯ ಬಂದರೆ ಮೆಗ್ಗರ್. ಎರಡೂ ತುದಿ ಬಿಚ್ಚಿ, ಫೇಸ್ ಮತ್ತು ನ್ಯೂಟ್ರಲ್ ಒಟ್ಟಿಗೆ ಸೇರಿಸಿ, ಅವಕ್ಕೂ ಅರ್ತಿಗೂ ನಡುವೆ 500 ವೋಲ್ಟಿನಲ್ಲಿ ಅಳೆಯಬೇಕು. 1 ಮೆಗಾಓಮಿಗಿಂತ ಕಡಿಮೆ ಬಂದರೆ ಕೇಬಲ್ ಹಾಳು ಎಂದೇ ಲೆಕ್ಕ. ಒಳ್ಳೆಯ ಕೇಬಲ್ ಇದಕ್ಕಿಂತ ಎಷ್ಟೋ ಮೇಲೆ ತೋರಿಸುತ್ತದೆ. ಚಾರ್ಜರ್ ಬಿಚ್ಚದೆ ಮೆಗ್ಗರ್ ತಿರುಗಿಸಿದರೆ ಅದರ ಒಳಗಿನ ಬೋರ್ಡ್ ಸುಟ್ಟುಹೋಗಬಹುದು.

ಇನ್ನೊಂದು ಪರಿಸ್ಥಿತಿ ಇದೆ. ಎಲ್ಲೂ ದೋಷ ಇರುವುದಿಲ್ಲ, ಆದರೂ ವಾರಕ್ಕೆರಡು ಸಲ ಬೀಳುತ್ತದೆ. ಫ್ರಿಜ್ಜು, ಇನ್ವರ್ಟರ್, ಕಂಪ್ಯೂಟರ್, ತೋಟದ ಪಂಪು, ಪ್ರತಿಯೊಂದರಿಂದಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಕಾರಿನೊಳಗಿನ ಫಿಲ್ಟರಿನಿಂದಲೂ ಕೆಲವು ಮಿಲಿಆಂಪಿಯರ್ ಸೋರುವುದು ಸಹಜ. ಎಲ್ಲವೂ ಒಂದೇ ಆರ್‌ಸಿಸಿಬಿಯ ಕೆಳಗಿದ್ದರೆ ಮೊತ್ತ 15 ದಾಟುತ್ತದೆ. ಇದಕ್ಕೆ ಪರಿಹಾರ ಎಂದರೆ ಚಾರ್ಜರಿಗೆ ಬೇರೆಯೇ ಆರ್‌ಸಿಸಿಬಿ, ಅದೂ ಮನೆಯ ಆರ್‌ಸಿಸಿಬಿಗಿಂತ ಮೊದಲೇ ಕವಲೊಡೆದದ್ದು. 30 ತೆಗೆದು 100 ಮಿಲಿಆಂಪಿಯರ್ ಹಾಕುವುದು ಪರಿಹಾರ ಅಲ್ಲ. ಮನುಷ್ಯರ ಜೀವ ಉಳಿಸಲು ಹಾಕುವುದು 30.

ಹೊಸದು ಕೊಳ್ಳುವಾಗ ಅದರ ಮೈಮೇಲಿನ ಚಿತ್ರ ನೋಡಿ. ಬರೀ ಒಂದು ಅಲೆ ಇದ್ದರೆ ಅದು ಎಸಿ ಟೈಪ್, ಕಾರಿಗೆ ಆಗದು. ಕಾರಿನ ಕಡೆಯಿಂದ ಡಿಸಿ ಕರೆಂಟ್ ಸೋರಿದರೆ ಅದು ಮಂಕಾಗಿ, ಬೀಳಬೇಕಾದಾಗಲೂ ಬೀಳದೆ ಕೂರಬಹುದು. ಅಲೆಯ ಕೆಳಗೆ ಅರ್ಧ ಅರ್ಧ ಗುಡ್ಡೆಗಳ ಇನ್ನೊಂದು ಗೆರೆ ಇದ್ದರೆ ಎ ಟೈಪ್. ಚಾರ್ಜರಿನ ಒಳಗೇ 6 ಮಿಲಿಆಂಪಿಯರ್ ಡಿಸಿ ಪತ್ತೆ ಮಾಡುವ ಏರ್ಪಾಡು ಇದ್ದರೆ ಇದು ಸಾಕು, ಇಲ್ಲದಿದ್ದರೆ ಬಿ ಟೈಪ್ ಬೇಕು. ಆ ಏರ್ಪಾಡು ಇದೆಯೇ ಎಂಬುದು ಚಾರ್ಜರಿನ ಕೈಪಿಡಿಯಲ್ಲಿ ಇರುತ್ತದೆ.

## ಹಂತ 3: ಎಂಸಿಬಿ ತಡವಾಗಿ ಬಿದ್ದರೆ, ಓವರ್‌ಲೋಡೋ ಸಡಿಲವೋ?

ಎಂಸಿಬಿಯ ಒಳಗೆ ಎರಡು ಲೋಹದ ಒಂದು ಪಟ್ಟಿ ಇದೆ. ಬಿಸಿಯಾದಾಗ ಅದು ಬಗ್ಗಿ ಲಿವರನ್ನು ಬೀಳಿಸುತ್ತದೆ. ಆ ಪಟ್ಟಿಗೆ ಬಿಸಿ ಎಲ್ಲಿಂದ ಬಂತು ಎಂದು ಗೊತ್ತಾಗುವುದಿಲ್ಲ. ಜಾಸ್ತಿ ಕರೆಂಟಿನಿಂದ ಬಂದರೂ ಬಗ್ಗುತ್ತದೆ, ಪಕ್ಕದ ಸಡಿಲ ಸ್ಕ್ರೂ ಕಾದು ಅಲ್ಲಿಂದ ಬಂದರೂ ಬಗ್ಗುತ್ತದೆ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಆಂಪಿಯರ್ ಇಳಿಸಿ 16 ಮಾಡಿದರೆ ಎರಡೂ ನಿಲ್ಲುತ್ತವೆ. ಹಾಗಾಗಿ "16ರಲ್ಲಿ ನಿಂತಿತು, ಅಂದ್ರೆ ಓವರ್‌ಲೋಡೇ" ಎಂದು ತೀರ್ಮಾನಿಸಬೇಡಿ.

ಬೇರ್ಪಡಿಸಲು ಎರಡು ಅಳತೆ ಬೇಕು, ಕರೆಂಟ್ ಮತ್ತು ಬಿಸಿ. ಮುಚ್ಚಳ ಬಿಚ್ಚಬೇಕಾದ್ದರಿಂದ ಇದು ವಯರ್‌ಮ್ಯಾನ್ ಕೆಲಸ. ಚಾರ್ಜ್ ಶುರುವಾಗಿ ಹದಿನೈದು ನಿಮಿಷ ಆದ ಮೇಲೆ ಚಾರ್ಜರಿನ ಫೇಸ್ ವಯರಿಗೆ ಕ್ಲ್ಯಾಂಪ್ ಹಾಕಿ ಓದಿ. ಲೆಕ್ಕ ಹೀಗೆ: 32 ಆಂಪಿಯರಿನ ಎಂಸಿಬಿ ಸುಮಾರು 36 ಆಂಪಿಯರನ್ನು ಒಂದು ಗಂಟೆ ಬೀಳದೆ ತಡೆದುಕೊಳ್ಳಬೇಕು, ಸುಮಾರು 46ಕ್ಕೆ ಒಂದು ಗಂಟೆಯ ಒಳಗೆ ಬೀಳಲೇಬೇಕು. ಇದು 30 ಡಿಗ್ರಿ ಸೆಖೆಯ ಲೆಕ್ಕ. ಹಂಚಿನ ಮಾಡಿನ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ, ಪಕ್ಕಪಕ್ಕ ಒತ್ತಿ ಕೂರಿಸಿದ ಎಂಸಿಬಿಗಳಿದ್ದರೆ ತಾಳುವ ಶಕ್ತಿ ಕೆಲವು ಆಂಪಿಯರ್ ಇಳಿಯುತ್ತದೆ. ಹಾಗಾಗಿ 32ರ ಎಂಸಿಬಿಯಲ್ಲಿ 32 ಎಳೆದರೆ ಏಪ್ರಿಲ್‌ನಲ್ಲಿ ಬೀಳಬಹುದು. ಅಂಥಲ್ಲಿ ಎಂಸಿಬಿಯ ಎರಡು ಪಕ್ಕ ಸ್ವಲ್ಪ ಜಾಗ ಬಿಡಿಸಿ, ಅಥವಾ ಚಾರ್ಜರನ್ನು 28ಕ್ಕೋ 24ಕ್ಕೋ ಇಳಿಸಿ.

ಈಗ ಬಿಸಿ. ಥರ್ಮಾಮೀಟರನ್ನು ಹೊಳೆಯುವ ಸ್ಕ್ರೂವಿಗೆ ಹಿಡಿಯಬೇಡಿ, ಹೊಳಪಿನ ಲೋಹಕ್ಕೆ ಹಿಡಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪಕ್ಕದ ಪ್ಲಾಸ್ಟಿಕ್‌ಗೆ ಅಥವಾ ವಯರಿನ ಸಿಪ್ಪೆಗೆ ಹಿಡಿಯಿರಿ. ಎಂಸಿಬಿಯ ಮೇಲಿನ ಮತ್ತು ಕೆಳಗಿನ ತುದಿ, ನ್ಯೂಟ್ರಲ್ ಬಾರ್, ಆರ್‌ಸಿಸಿಬಿಯ ನಾಲ್ಕು ಮೂಲೆ, ಚಾರ್ಜರಿನ ಒಳಗಿನ ಕನೆಕ್ಟರ್, ಎಲ್ಲ ಕಡೆ ಓದಿ ಬರೆಯಿರಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬಿಸಿ ಇದ್ದು ಕರೆಂಟು ಜಾಸ್ತಿ ಇದ್ದರೆ ಓವರ್‌ಲೋಡ್. ಕರೆಂಟು ಮಿತಿಯ ಒಳಗಿದ್ದು ಒಂದೇ ಮೂಲೆ ಉಳಿದವಕ್ಕಿಂತ 20-30 ಡಿಗ್ರಿ ಮೇಲಿದ್ದರೆ ಸಡಿಲ. ಸಡಿಲ ಸ್ಕ್ರೂ ಕರೆಂಟನ್ನು ಜಾಸ್ತಿ ಮಾಡುವುದಿಲ್ಲ, ಆ ಒಂದು ಜಾಗವನ್ನು ಸುಡುತ್ತದೆ ಅಷ್ಟೇ.

ಮೀಟರ್ ಬರುವ ಮೊದಲೇ ಸಿಗುವ ಸೂಚನೆಗಳೂ ಇವೆ. ಸುಟ್ಟ ಮೀನಿನಂಥ ವಾಸನೆ, ಡಿಬಿಯೊಳಗೆ ಚಿರ್ ಎನ್ನುವ ಸದ್ದು, ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್, ಚಾರ್ಜ್ ಆಗುವಾಗ ಮಾತ್ರ ಮಿಣುಕುವ ದೀಪ. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಚಾರ್ಜ್ ಮಾಡಬೇಡಿ.

ಬಿದ್ದದ್ದು ಚಾರ್ಜರಿನ ಎಂಸಿಬಿ ಅಲ್ಲ, ಮನೆಯ ಮೈನ್ ಎಂದಾದರೆ ಹೆಚ್ಚಾಗಿ ನಿಜವಾದ ಓವರ್‌ಲೋಡ್. ಚಾರ್ಜರಿಗೆ 32, 2 ಕಿಲೋವಾಟ್ ಗೀಸರಿಗೆ 9, ಪಂಪಿಗೆ 10 ಎಂದು ಕೂಡಿಸಿ, 51 ಆಯಿತು. 40ರ ಮೈನ್ ಎಷ್ಟು ಹೊತ್ತು ತಡೆದೀತು? ಕಾರಿನಲ್ಲೇ ಸಮಯ ಹೊಂದಿಸಿ ರಾತ್ರಿ 11ರ ಮೇಲೆ ಚಾರ್ಜ್ ಆಗುವಂತೆ ಮಾಡಿದರೆ ಇದು ಮುಗಿಯುತ್ತದೆ. ಜೊತೆಗೆ ನಿಮ್ಮ ಮನೆಯ ಮಂಜೂರಾದ ಲೋಡ್ ಎಷ್ಟೆಂದು ಕೆಎಸ್‌ಇಬಿ ಸೆಕ್ಷನ್ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ. ವೋಲ್ಟೇಜ್ ಇಳಿದಾಗ ಕಾರು ಜಾಸ್ತಿ ಆಂಪಿಯರ್ ಎಳೆಯುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಅದು ಪಂಪಿಗೆ ನಿಜ, ಕಾರಿಗೆ ಅಲ್ಲ. ಇಷ್ಟಕ್ಕಿಂತ ಹೆಚ್ಚು ಎಳೆಯಬೇಡ ಎಂದು ಚಾರ್ಜರ್ ಮೊದಲೇ ಕಾರಿಗೆ ಹೇಳಿರುತ್ತದೆ. ವೋಲ್ಟೇಜ್ ಇಳಿದರೆ ಚಾರ್ಜ್ ನಿಧಾನ ಆಗುತ್ತದೆ, ಅಷ್ಟೇ.

## ಒಂದೇ ಮನೆಯಲ್ಲಿ ಎರಡು ದೋಷ

ನೀರ್ಚಾಲಿನ ಹತ್ತಿರ ನೆಂಟರ ಒಂದು ಮನೆ. ಡಿಬಿಯಿಂದ ಕಾರು ನಿಲ್ಲಿಸುವ ಶೆಡ್ಡಿಗೆ 22 ಮೀಟರ್, 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್, 32ರ ಎಂಸಿಬಿ. ಜೂನ್‌ನಲ್ಲಿ ಭಾವ ಫೋನ್ ಮಾಡಿದರು. ಜೋರು ಮಳೆ ಬಂದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತದೆ, ಗನ್ ಚುಚ್ಚದಿದ್ದರೂ ಬೀಳುತ್ತದೆ ಎಂದರು. ಗನ್ ಚುಚ್ಚದೆ ಬಿದ್ದರೆ ಕಾರಿನದ್ದಲ್ಲ. ಹೋಗಿ ನೋಡಿದರೆ ಕೇಬಲ್ ಮೇಲಿನಿಂದ ಇಳಿದು ನೇರವಾಗಿ ಚಾರ್ಜರಿನ ನೆತ್ತಿಗೆ ಹೋಗಿತ್ತು. ಮಾಡಿನ ನೀರು ಕೇಬಲ್ ಹಿಡಿದುಕೊಂಡೇ ಒಳಗೆ ಇಳಿಯುತ್ತಿತ್ತು. ಕನೆಕ್ಟರಿನ ಮೇಲೆ ಹಸಿರು ಕಿಲುಬು ಬೇರೆ. ಚಾರ್ಜರಿನ ಕಡೆಯ ತುದಿ ಕತ್ತರಿಸಿ, ಕಿಲುಬು ಹಿಡಿದ ಕನೆಕ್ಟರ್ ಬದಲಿಸಿ, ಕೇಬಲನ್ನು ಪೆಟ್ಟಿಗೆಗಿಂತ ಕೆಳಗೆ ಇಳಿಸಿ ಮತ್ತೆ ಮೇಲೆ ತಂದು ತಳದ ಗ್ಲ್ಯಾಂಡಿನಿಂದ ಒಳಗೆ ಕೊಟ್ಟೆವು. ನೀರು ಬಳುಕಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆ ಮಳೆಗಾಲ ಮತ್ತೆ ಬೀಳಲಿಲ್ಲ.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಶುರುವಾಯಿತು. ಚಾರ್ಜಿಗೆ ಹಾಕಿ ಮೂವತ್ತೈದು, ನಲವತ್ತು ನಿಮಿಷಕ್ಕೆ ಎಂಸಿಬಿ ಬೀಳುತ್ತಿತ್ತು. ನಾನು ಊರಲ್ಲಿರಲಿಲ್ಲ. ಬಂದ ಇನ್ನೊಬ್ಬರು 32 ತೆಗೆದು 40ರ ಎಂಸಿಬಿ ಹಾಕಿ, ಅದೇ ವಯರ್‌ಗಳನ್ನು ಹಾಗೇ ಸಿಕ್ಕಿಸಿ ಹೋದರು. ಮೂರು ವಾರ ಬೀಳಲಿಲ್ಲ. ಆಮೇಲೆ ಅಕ್ಕ ಫೋನ್ ಮಾಡಿದಳು: "ರಾತ್ರಿ ಏನೋ ಸುಟ್ಟ ವಾಸನೆ ಬರ್ತದೆ, ಬೆಳಗ್ಗೆ ಇರುವುದಿಲ್ಲ."

ಅಳತೆ ಹೀಗಿತ್ತು. ಕರೆಂಟು 30.5 ಆಂಪಿಯರ್, ಅಂದರೆ ಮೊದಲಿದ್ದ 32ಕ್ಕೂ ಓವರ್‌ಲೋಡ್ ಅಲ್ಲ. ಎಂಸಿಬಿಯ ಮೇಲಿನ ತುದಿ 52 ಡಿಗ್ರಿ, ಕೆಳಗಿನ ತುದಿ 94. ಚಾರ್ಜ್ ನಡೆಯುತ್ತಿರುವಾಗ ಡಿಬಿಯ ಬಾರಿನಲ್ಲಿ 219 ವೋಲ್ಟ್, ಚಾರ್ಜರಿನಲ್ಲಿ 212.5. ಇಳಿದದ್ದು 6.5. ಇಷ್ಟು ಉದ್ದದ 6 ಚದರ ಮಿಲಿಮೀಟರ್ ಕೇಬಲ್, ಬಿಸಿಯಾದಾಗ, ಈ ಕರೆಂಟಿಗೆ ತಿನ್ನಬೇಕಾದದ್ದು ಸುಮಾರು 4.5 ವೋಲ್ಟ್. ಉಳಿದ 2 ವೋಲ್ಟ್ ಎಲ್ಲಿ ಹೋಯಿತು? 2 ವೋಲ್ಟ್, 30.5 ಆಂಪಿಯರ್, ಗುಣಿಸಿದರೆ 61 ವಾಟ್. ಒಂದು ಸೋಲ್ಡರಿಂಗ್ ಐರನ್ನಿನಷ್ಟು ಬಿಸಿ ಆ ಒಂದು ಸ್ಕ್ರೂವಿನಲ್ಲಿ ರಾತ್ರಿಯಿಡೀ ಇತ್ತು.

ಮೈನ್ ಆಫ್ ಮಾಡಿ ಬಿಚ್ಚಿದಾಗ ಕಾರಣ ಕಂಡಿತು. ಹಲವು ಎಳೆಗಳ ವಯರಿಗೆ ಲಗ್ ಹಾಕಿರಲಿಲ್ಲ. ಅರ್ಧ ಎಳೆಗಳು ಹೊರಗೆ ಮಡಚಿಕೊಂಡಿದ್ದವು, ಸ್ಕ್ರೂ ಕೂತದ್ದು ಪಾಲು ತಾಮ್ರದ ಮೇಲೆ, ಪಾಲು ಸಿಪ್ಪೆಯ ಮೇಲೆ. ಮೊದಲಿನ 32ರ ಎಂಸಿಬಿ ಬೀಳುತ್ತಿದ್ದದ್ದು ಈ ಬಿಸಿಗೇ. 40 ಹಾಕಿದ ಮೇಲೆ ಬೀಳುವುದು ನಿಂತಿತು, ಕಾಯುವುದು ನಿಲ್ಲಲಿಲ್ಲ. ಅಷ್ಟೇ ಅಲ್ಲ, 40ರ ಎಂಸಿಬಿ 58 ಆಂಪಿಯರ್ ಹತ್ತಿರ ಬರುವ ತನಕ ಒಂದು ಗಂಟೆ ಸುಮ್ಮನಿರಬಹುದು. ಪೈಪಿನೊಳಗಿನ 6 ಚದರ ಮಿಲಿಮೀಟರ್ ಅದನ್ನು ತಾಳುವುದಿಲ್ಲ. 40 ಹಾಕಲೇಬೇಕಾದರೆ ಕೇಬಲ್ 10 ಚದರ ಮಿಲಿಮೀಟರ್ ಆಗಬೇಕು.

## ಹಂತ 4: ಸರಿ ಮಾಡುವುದು, ಸರಿಯಾಯಿತೇ ಎಂದು ನೋಡುವುದು

ಸರಿ ಮಾಡುವುದೂ ವಯರ್‌ಮ್ಯಾನ್ ಕೆಲಸವೇ. ಸುಟ್ಟ ತುದಿಯನ್ನು ಹಾಗೇ ಬಿಗಿ ಮಾಡಬೇಡಿ. ಕಪ್ಪಾದ ತಾಮ್ರ ಎಷ್ಟು ಬಿಗಿ ಮಾಡಿದರೂ ಸರಿಯಾಗಿ ತಾಗುವುದಿಲ್ಲ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಸರಿಯಾದ ಅಳತೆಯ ಲಗ್ ಹಾಕಿ ಕ್ರಿಂಪ್ ಮಾಡಿ. ಬಿಸಿಯಾದ ಎಂಸಿಬಿಯನ್ನು ಬಿಸಾಡಿ, ಅದರ ಒಳಗಿನ ಪಟ್ಟಿಯನ್ನು ಇನ್ನು ನಂಬುವ ಹಾಗಿಲ್ಲ. ಸ್ಕ್ರೂ ಎಷ್ಟು ಬಿಗಿ ಇರಬೇಕೆಂದು ಎಂಸಿಬಿಯ ಮೈಮೇಲೆ ಅಥವಾ ಅದರ ಚೀಟಿಯಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಬರೆದಿರುತ್ತದೆ. ಅಷ್ಟಕ್ಕೇ ಟಾರ್ಕ್ ಸ್ಕ್ರೂಡ್ರೈವರ್ ಹೊಂದಿಸಿ ಬಿಗಿ ಮಾಡಿ. ಕೈಬಲ ಎಲ್ಲ ಹಾಕಿ ತಿರುಗಿಸಿದರೆ ಮರೆ ಹೋಗಿ ಮತ್ತೆ ಸಡಿಲವಾಗುತ್ತದೆ. ಕೊನೆಗೆ ವಯರ್ ಹಿಡಿದು ಗಟ್ಟಿಯಾಗಿ ಎಳೆದು ನೋಡಿ.

ಆಮೇಲೆ ಕಾರಿನ ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇರುವಾಗ ಪೂರ್ತಿ ಆಂಪಿಯರಿನಲ್ಲಿ ಒಂದು ಗಂಟೆ ಓಡಿಸಿ. ತುಂಬಿದ ಬ್ಯಾಟರಿಯಲ್ಲಿ ಪರೀಕ್ಷೆ ಮಾಡಿದರೆ ಕಾರೇ ಕರೆಂಟು ಇಳಿಸಿಬಿಡುತ್ತದೆ, ಏನೂ ಗೊತ್ತಾಗುವುದಿಲ್ಲ. ಹದಿನೈದನೇ ನಿಮಿಷಕ್ಕೊಮ್ಮೆ, ಅರುವತ್ತನೇ ನಿಮಿಷಕ್ಕೊಮ್ಮೆ ಅದೇ ಜಾಗಗಳ ಬಿಸಿ ಬರೆಯಿರಿ. ಭಾವನ ಮನೆಯಲ್ಲಿ ಹೊಸ 32ರ ಎಂಸಿಬಿ, ಚಾರ್ಜರ್ 28 ಆಂಪಿಯರಿಗೆ ಇಳಿಸಿದ್ದು. ಒಂದು ಗಂಟೆಯ ನಂತರ ಮೇಲಿನ ತುದಿ 49, ಕೆಳಗಿನ ತುದಿ 50. ಆ ಎರಡು ಅಂಕಿಗಳನ್ನು ತಾರೀಕಿನ ಜೊತೆ ಡಿಬಿಯ ಮುಚ್ಚಳದ ಒಳಗೆ ಬರೆದು ಅಂಟಿಸಿದೆ. ಹೊಸ ಎಳೆವಯರ್ ಬಿಸಿಯಾಗಿ ತಣಿದು ಸ್ವಲ್ಪ ಕುಗ್ಗುವುದರಿಂದ ತಿಂಗಳು ಕಳೆದು ಮೈನ್ ಆಫ್ ಮಾಡಿ ಸ್ಕ್ರೂ ಒಮ್ಮೆ ನೋಡಿ, ಮತ್ತೆ ಅಳೆದೆ. 49, 51.